ಒಂದೇ ಬೇರಿದ್ದರೂ ಅದು ಮೇಲಿನ ಮೊದಲ ಪ್ರೀಮೋಲಾರ್ ಆಗಿರಬಹುದು

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನ್ನ ಊರು ಬದಿಯಡ್ಕದ ಹತ್ತಿರ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಈಗ ಬಿಡಿಎಸ್ ಮೊದಲ ವರ್ಷ. ಮೊನ್ನೆ ಪ್ರಾಕ್ಟಿಕಲ್ ಟೆಸ್ಟಿನಲ್ಲಿ ಒಂದು ಪ್ರೀಮೋಲಾರ್ ಇಟ್ಟಿದ್ದರು. ಜಗಿಯುವ ಮುಖದಲ್ಲಿ ಎರಡು ಮೊನೆ, ಅಂದರೆ ಎರಡು ಕಸ್ಪ್, ಒಂದೇ ಬೇರು. ಎರಡು ಬೇರು ಇಲ್ಲದ ಕಾರಣ ಮೇಲಿನ ಮೊದಲನೆಯದು ಅಲ್ಲ ಅಂದುಕೊಂಡೆ. ಒಂದು ಕಸ್ಪ್ ಸ್ವಲ್ಪ ಗಿಡ್ಡ ಇತ್ತು, ಹಾಗಾಗಿ ಕೆಳಗಿನ ಎರಡನೆಯದು ಅಂದುಕೊಂಡೆ. ಬೇರಿನ ತುದಿ ಬಾಗಿದ್ದು ನೋಡಿ ಬಲಬದಿ ಎಂದು ತೀರ್ಮಾನಿಸಿ 45 ಅಂತ ಬರೆದೆ. ಸರಿಯುತ್ತರ 24, ಅಂದರೆ ಮೇಲಿನ ಎಡಬದಿಯ ಮೊದಲನೆಯದು ಅಂತೆ. ದವಡೆಯೂ ತಪ್ಪು, ಹಲ್ಲೂ ತಪ್ಪು, ಬದಿಯೂ ತಪ್ಪು. ಆಮೇಲೆ ಸರ್ ಹತ್ತಿರ ಕೇಳಿ ಆ ಹಲ್ಲಿನ ಫೋಟೋ ತೆಗೆದು, ವರ್ನಿಯರ್‌ನಲ್ಲಿ ಅಳೆದು ಕಳಿಸಿದ್ದೇನೆ. ನಾನು ಎಲ್ಲಿ ಎಡವಿದೆ? ಬೇರನ್ನು ನಂಬಬೇಕಾ, ಕಸ್ಪನ್ನು ನಂಬಬೇಕಾ?

ಉತ್ತರ: ನಿಮ್ಮ ಮೂರು ತಪ್ಪುಗಳು ಬೇರೆ ಬೇರೆ ಅಲ್ಲ. ದವಡೆ ತಪ್ಪಿದ್ದೊಂದೇ ನಿಜವಾದ ತಪ್ಪು. ಉಳಿದ ಎರಡೂ ಅದರ ಬೆನ್ನಿಗೇ ಬಂದವು. ಬೇರಿನ ತುದಿಯನ್ನು ನೀವು ಓದಿದ ರೀತಿ ಈ ಹಲ್ಲಿನ ಮಟ್ಟಿಗೆ ಸರಿಯಾಗಿಯೇ ಇತ್ತು. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಮೊದಲು ಆ ಬೇರಿನ ವಿಷಯ. ಮೇಲಿನ ಮೊದಲ ಪ್ರೀಮೋಲಾರ್‌ಗೆ ಎರಡು ಬೇರು ಎಂದು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಸಾಮಾನ್ಯವಾಗಿ ಇರುವುದು ಹಾಗೆಯೇ, ಒಂದು ಕೆನ್ನೆಯ ಕಡೆ, ಒಂದು ಅಂಗುಳಿನ ಕಡೆ. ಆದರೆ ಒಂದೇ ಬೇರಿನವು ಅಪರೂಪವೇನಲ್ಲ. ಹಲ್ಲು ಕೀಳುವ ಯಾವ ಡಾಕ್ಟರನ್ನು ಕೇಳಿದರೂ ನೋಡಿದ್ದೇವೆ ಅನ್ನುತ್ತಾರೆ. ಹಾಗೆಯೇ ಮೇಲಿನ ಎರಡನೆಯದಕ್ಕೆ ಸಾಮಾನ್ಯವಾಗಿ ಒಂದೇ ಬೇರು, ಕೆಲವೊಮ್ಮೆ ಎರಡೂ ಇರುತ್ತವೆ. ಹಾಗಾಗಿ ಎರಡು ಬೇರು ಸ್ಪಷ್ಟವಾಗಿ ಕಂಡರೆ ಮೇಲಿನ ಮೊದಲನೆಯದು ಅನ್ನಲು ಅದು ಒಳ್ಳೆಯ ಸಾಕ್ಷಿ. ಒಂದೇ ಬೇರು ಕಂಡರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ನಾಲ್ಕು ಬಗೆಯ ಪ್ರೀಮೋಲಾರ್‌ಗಳೂ ಆಗ ಪಟ್ಟಿಯಲ್ಲೇ ಉಳಿಯುತ್ತವೆ. ನೀವು ಅಲ್ಲಿ ಒಂದನ್ನು ಹೊಡೆದು ಹಾಕಿದಿರಿ, ಅದೇ ಸರಿಯುತ್ತರವಾಗಿತ್ತು.

ಬೇರು ಯಾಕೆ ಕೆಲವೊಮ್ಮೆ ಎರಡಾಗುತ್ತದೆ, ಕೆಲವೊಮ್ಮೆ ಆಗುವುದಿಲ್ಲ? ಹರ್ಟ್‌ವಿಗ್ ರೂಟ್ ಶೀತ್ ಅಂತ ಹಿಸ್ಟಾಲಜಿಯಲ್ಲಿ ಓದುತ್ತೀರಲ್ವಾ, ಬೇರಿನ ಆಕಾರ ನಿರ್ಧರಿಸುವುದು ಅದೇ. ಬೇರು ಬೆಳೆಯುವಾಗ ಆ ಪದರದಿಂದ ಎರಡು ನಾಲಿಗೆಗಳು ಒಳಗೆ ಚಾಚುತ್ತವೆ, ಒಂದು ಮೀಸಿಯಲ್ ಕಡೆಯಿಂದ, ಅಂದರೆ ಹಲ್ಲಿನ ಸಾಲಿನ ನಡುಮಧ್ಯಕ್ಕೆ ಹತ್ತಿರದ ಬದಿಯಿಂದ, ಇನ್ನೊಂದು ಅದರ ಎದುರಿನ ಡಿಸ್ಟಲ್ ಕಡೆಯಿಂದ. ಅವೆರಡೂ ನಡುವೆ ಬಂದು ಕೂಡಿಕೊಂಡರೆ ಬೇರು ಎರಡಾಗಿ ಸೀಳುತ್ತದೆ. ಕೂಡದೆ ಅರ್ಧಕ್ಕೇ ನಿಂತರೆ ಬೇರು ಒಂದಾಗಿಯೇ ಉಳಿಯುತ್ತದೆ, ಆದರೆ ಎರಡೂ ಬದಿಯಲ್ಲಿ ಉದ್ದುದ್ದ ತಗ್ಗು ಬೀಳುತ್ತದೆ. ಆದ್ದರಿಂದ ಒಂದೇ ಬೇರಿನ ಮೇಲಿನ ಮೊದಲ ಪ್ರೀಮೋಲಾರ್ ಎಂದರೆ ಸೀಳಲು ಹೊರಟು ಪೂರ್ತಿಯಾಗದ ಬೇರು. ಒಳಗೆ ಸಾಮಾನ್ಯವಾಗಿ ಎರಡು ಕೆನಾಲ್ ಇದ್ದೇ ಇರುತ್ತವೆ. ಮುಂದೆ ರೂಟ್ ಕೆನಾಲ್ ಚಿಕಿತ್ಸೆ ಕಲಿಯುವಾಗ ಇದು ನಿಮಗೆ ತುಂಬ ಬೇಕಾಗುತ್ತದೆ. ಈಗ ಬೇಕಾದದ್ದು ಇಷ್ಟೇ: ಬೇರು ಎಷ್ಟು ಎಂದು ಎಣಿಸಿ ಸುಮ್ಮನಾಗಬೇಡಿ, ಅದರ ಬದಿಗಳ ಮೇಲೆ ಉಗುರು ಅಥವಾ ಪ್ರೋಬ್ ಎಳೆದು ತಗ್ಗು ಎಲ್ಲಿದೆ, ಎಷ್ಟು ಆಳ ಎಂದು ನೋಡಿ.

ಈಗ ನಿಮ್ಮ ಹಲ್ಲಿಗೇ ಬರೋಣ. ಅದನ್ನು ನಾನು ಯಾವ ಕ್ರಮದಲ್ಲಿ ನೋಡಿದೆ ಎಂದು ಹೇಳುತ್ತೇನೆ.

ಮೊದಲ ಪ್ರಶ್ನೆ ಮೇಲಿನದೋ ಕೆಳಗಿನದೋ. ಇದಕ್ಕೆ ನಾನು ಕಸ್ಪ್ ಎತ್ತರವನ್ನೂ ನೋಡುವುದಿಲ್ಲ, ಬೇರಿನ ಸಂಖ್ಯೆಯನ್ನೂ ನೋಡುವುದಿಲ್ಲ. ಅಗಲ ನೋಡುತ್ತೇನೆ. ನಿಮ್ಮ ಅಳತೆ ಪ್ರಕಾರ ಕ್ರೌನ್, ಅಂದರೆ ಬೇರು ಬಿಟ್ಟು ಉಳಿದ ಭಾಗ, ಕೆನ್ನೆಯಿಂದ ಅಂಗುಳಿನ ಕಡೆಗೆ 9 ಮಿ.ಮೀ. ಹತ್ತಿರ, ಮೀಸಿಯಲ್‌ನಿಂದ ಡಿಸ್ಟಲ್‌ಗೆ 7 ಮಿ.ಮೀ. ಹತ್ತಿರ ಇದೆ. ಮೇಲಿನ ಪ್ರೀಮೋಲಾರ್ ಎರಡಕ್ಕೂ ಪಠ್ಯಪುಸ್ತಕದ ಸರಾಸರಿ ಇದೇ, 9 ಮತ್ತು 7. ಕೆಳಗಿನವುಗಳಲ್ಲಿ ಈ ವ್ಯತ್ಯಾಸ ಕಡಿಮೆ. ಕೆಳಗಿನ ಮೊದಲನೆಯದು ಸುಮಾರು 7.5ಕ್ಕೆ 7, ಎರಡನೆಯದು 8ಕ್ಕೆ 7. ಟೆಸ್ಟಿನಲ್ಲಿ ವರ್ನಿಯರ್ ಕೊಡದಿದ್ದರೂ ಚಿಂತೆ ಇಲ್ಲ. ಹಲ್ಲನ್ನು ಅಕ್ಲೂಸಲ್ ಕಡೆಯಿಂದ, ಅಂದರೆ ಜಗಿಯುವ ಮುಖದ ಕಡೆಯಿಂದ ನೇರವಾಗಿ ನೋಡಿ. ಮೇಲಿನದು ಒಂದು ದಿಕ್ಕಿನಲ್ಲಿ ಎಳೆದ ಹಾಗೆ ಉದ್ದಕ್ಕೆ ಕಾಣುತ್ತದೆ. ಕೆಳಗಿನದು ಹೆಚ್ಚುಕಮ್ಮಿ ದುಂಡಗೆ ಅಥವಾ ಚೌಕಾಗಿ ಕಾಣುತ್ತದೆ.

ಅಗಲ ನೋಡಿದ ಮೇಲೆ ಹಲ್ಲನ್ನು ಪಕ್ಕದಿಂದ, ಅಂದರೆ ಮೀಸಿಯಲ್ ಅಥವಾ ಡಿಸ್ಟಲ್ ಕಡೆಯಿಂದ ನೋಡಿ. ನಿಮ್ಮ ಎರಡನೇ ಫೋಟೋ ಅದೇ. ಅದರಲ್ಲಿ ಕ್ರೌನ್ ಬೇರಿನ ಮೇಲೆ ನೇರವಾಗಿ ಕೂತಿದೆ. ಎರಡೂ ಕಸ್ಪ್‌ಗಳ ತುದಿ ಬೇರಿನ ಅಗಲದ ಒಳಗೇ ಇವೆ. ಮೇಲಿನ ಪ್ರೀಮೋಲಾರ್ ಹೀಗೇ ಇರುತ್ತದೆ. ಕೆಳಗಿನದಾಗಿದ್ದರೆ ಕ್ರೌನ್ ನಾಲಿಗೆಯ ಕಡೆಗೆ ವಾಲಿರುತ್ತಿತ್ತು. ಕೆಳಗಿನ ಮೊದಲನೆಯದರಲ್ಲಿ ಬಕ್ಕಲ್, ಅಂದರೆ ಕೆನ್ನೆಯ ಕಡೆಯ ಕಸ್ಪಿನ ತುದಿ ಬೇರಿನ ನಡುಗೆರೆಯ ಮೇಲೆಯೇ ಬಂದು ನಿಲ್ಲುತ್ತದೆ, ಲಿಂಗ್ವಲ್, ಅಂದರೆ ನಾಲಿಗೆಯ ಕಡೆಯ ಕಸ್ಪ್ ಬೇರಿನ ಒಳಬದಿಯ ಅಂಚಿಗೆ ಹೋಗಿರುತ್ತದೆ. ಎರಡನೆಯದರಲ್ಲಿ ವಾಲಿಕೆ ಅಷ್ಟಿಲ್ಲ, ಆದರೂ ಕಾಣುತ್ತದೆ. ಮೇಲಿನ ಹಲ್ಲಿನ ಸಾಲು ಕೆಳಗಿನ ಸಾಲಿಗಿಂತ ಹೊರಗೆ ಬರುವುದರಿಂದ, ಕೆಳಗಿನ ಹಲ್ಲಿನ ಬಕ್ಕಲ್ ಕಸ್ಪ್ ಮೇಲಿನ ಹಲ್ಲುಗಳ ನಡುವಿನ ತಗ್ಗಿಗೆ ಬಂದು ಕೂರಬೇಕು. ಅದಕ್ಕೆ ಕ್ರೌನ್ ಒಳಗೆ ವಾಲಲೇಬೇಕು.

ಅಗಲ ಮತ್ತು ವಾಲಿಕೆ, ಇವೆರಡೂ ಒಂದೇ ಮಾತು ಹೇಳಿದರೆ ದವಡೆ ಖಚಿತ. ನಿಮ್ಮ ಹಲ್ಲಿನಲ್ಲಿ ಎರಡೂ ಮೇಲಿನದು ಎಂದೇ ಹೇಳುತ್ತವೆ. ನೀವು ನಂಬಿದ್ದು ಗಿಡ್ಡ ಕಸ್ಪನ್ನು. ಕೆಳಗಿನ ಎರಡನೆಯದರಲ್ಲಿ ಲಿಂಗ್ವಲ್ ಕಸ್ಪ್ ಬಕ್ಕಲ್‌ಗಿಂತ ಗಿಡ್ಡ ಎಂಬುದು ನಿಜ. ಆದರೆ ಮೇಲಿನ ಮೊದಲನೆಯದರಲ್ಲೂ ಅಂಗುಳಿನ ಕಡೆಯ ಕಸ್ಪ್ ಸುಮಾರು 1 ಮಿ.ಮೀ. ಗಿಡ್ಡ ಇರುತ್ತದೆ. ಎರಡರಲ್ಲೂ ಇರುವ ಗುಣ ಎರಡನ್ನು ಬೇರೆ ಮಾಡಲು ಬರುವುದಿಲ್ಲ.

ಎರಡನೇ ಪ್ರಶ್ನೆ ಮೊದಲನೆಯದೋ ಎರಡನೆಯದೋ. ಇಲ್ಲಿ ಕಸ್ಪ್ ಎತ್ತರ ಕೆಲಸಕ್ಕೆ ಬರುತ್ತದೆ. ಮೇಲಿನ ಎರಡನೆಯದರಲ್ಲಿ ಎರಡೂ ಕಸ್ಪ್ ಹೆಚ್ಚುಕಮ್ಮಿ ಸಮ. ನಿಮ್ಮದರಲ್ಲಿ ಒಂದು ಎದ್ದು ಕಾಣುವಷ್ಟು ಗಿಡ್ಡ. ಅಕ್ಲೂಸಲ್ ಫೋಟೋದಲ್ಲಿ ಮೂಲೆಗಳು ಚೂಪಾಗಿ ಆರು ಬದಿಯ ಆಕಾರ ಇದೆ, ನಡುವಿನ ಗ್ರೂವ್ ಉದ್ದವಾಗಿ ನೇರವಾಗಿ ಹೋಗಿದೆ, ಅಡ್ಡ ಗೆರೆಗಳು ಕಡಿಮೆ. ಎರಡನೆಯದಾಗಿದ್ದರೆ ಮೂಲೆಗಳು ಉರುಟಾಗಿ ಮೊಟ್ಟೆಯಾಕಾರ ಇರುತ್ತಿತ್ತು, ನಡುವಿನ ಗ್ರೂವ್ ಗಿಡ್ಡ ಇದ್ದು ಅದರ ಸುತ್ತ ಸುಕ್ಕಿನ ಹಾಗೆ ಸಣ್ಣ ಗ್ರೂವ್‌ಗಳು ಹರಡಿರುತ್ತಿದ್ದವು.

ಆದರೆ ಇದಕ್ಕೆಲ್ಲ ಮೇಲಿನ ಗುರುತು ಒಂದು ಉಂಟು. ಪಕ್ಕದ ಫೋಟೋವನ್ನು ಮತ್ತೆ ನೋಡಿ. ಮಾರ್ಜಿನಲ್ ರಿಡ್ಜನ್ನು ಒಂದು ಗ್ರೂವ್ ದಾಟಿ ಬಂದಿದೆ. ಅದರ ಕೆಳಗೆ ಕ್ರೌನಿನ ಮೈಯಲ್ಲೇ ಒಂದು ತಗ್ಗು ಶುರುವಾಗಿದೆ. ಆ ತಗ್ಗು ಕ್ರೌನ್ ಮತ್ತು ಬೇರು ಕೂಡುವ ಸರ್ವೈಕಲ್ ಲೈನಿನ ಹತ್ತಿರ ನಿಲ್ಲದೆ ಅದನ್ನು ದಾಟಿ ಬೇರಿನ ಮೇಲೂ ಮುಂದುವರಿದಿದೆ. ಮೀಸಿಯಲ್ ಡೆವಲಪ್‌ಮೆಂಟಲ್ ಡಿಪ್ರೆಶನ್ ಎಂದರೆ ಇದೇ. ಕ್ರೌನ್‌ನಿಂದ ಬೇರಿಗೆ ಹೀಗೆ ಒಂದೇ ಸಮನೆ ಇಳಿದ ತಗ್ಗು ಮೇಲಿನ ಮೊದಲ ಪ್ರೀಮೋಲಾರಿನ ವಿಶೇಷ ಗುರುತು. ಮೇಲಿನ ಎರಡನೆಯದರ ಬೇರಿನ ಮೇಲೂ ತಗ್ಗು ಇರುತ್ತದೆ, ಆದರೆ ಕ್ರೌನಿನ ಮೀಸಿಯಲ್ ಮೈ ಉಬ್ಬಿರುತ್ತದೆ. ಹಾಗಾಗಿ ತಗ್ಗು ಇದೆಯಾ ಎಂದಷ್ಟೇ ನೋಡಿದರೆ ಸಾಲದು, ಅದು ಸರ್ವೈಕಲ್ ಲೈನನ್ನು ದಾಟುತ್ತದಾ ಎಂದು ನೋಡಬೇಕು. ಕಣ್ಣಿಗಿಂತ ಪ್ರೋಬಿನ ತುದಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಬೆಳಕು ಎದುರಿನಿಂದ ಬಿದ್ದರೆ ತಗ್ಗು ಮಾಯವಾದ ಹಾಗಿರುತ್ತದೆ, ಹಲ್ಲನ್ನು ಸ್ವಲ್ಪ ಓರೆ ಮಾಡಿ ನೆರಳು ಬೀಳುವ ಹಾಗೆ ಹಿಡಿಯಿರಿ.

ಈ ಒಂದು ಗುರುತಿನಿಂದ ಎರಡು ಕೆಲಸ ಆಯಿತು. ಹಲ್ಲು ಯಾವುದೆಂದು ತಿಳಿಯಿತು, ಮೀಸಿಯಲ್ ಬದಿ ಯಾವುದೆಂದೂ ತಿಳಿಯಿತು. ತಾಳೆ ನೋಡಲು ಇನ್ನೊಂದಿದೆ. ಬಕ್ಕಲ್ ಕಡೆಯಿಂದ ನೋಡಿದರೆ ಕಸ್ಪಿನ ಎರಡು ಇಳಿಜಾರುಗಳಲ್ಲಿ ಮೀಸಿಯಲ್ ಇಳಿಜಾರು ಉದ್ದ, ಡಿಸ್ಟಲ್ ಗಿಡ್ಡ. ಉಳಿದ ಮೂರು ಪ್ರೀಮೋಲಾರ್‌ಗಳಲ್ಲಿ ಇದು ತಿರುಗುಮುರುಗಾಗಿ ಇರುತ್ತದೆ. ನಿಮ್ಮ ಫೋಟೋದಲ್ಲಿ ತಗ್ಗು ಇರುವ ಕಡೆಯ ಇಳಿಜಾರೇ ಉದ್ದ ಇದೆ. ಎರಡೂ ಗುರುತು ಹೊಂದಿದವು.

ಇನ್ನು ಬದಿ. ಮೇಲಿನ ಹಲ್ಲಾದರೆ ಬೇರು ಮೇಲಕ್ಕೆ, ಕೆಳಗಿನದಾದರೆ ಬೇರು ಕೆಳಕ್ಕೆ, ಬಕ್ಕಲ್ ಮುಖ ನಿಮ್ಮ ಕಡೆಗೆ. ರೋಗಿ ನಿಮ್ಮ ಎದುರು ಕೂತಿದ್ದಾರೆ ಎಂದುಕೊಳ್ಳಿ. ಆಗ ಮೀಸಿಯಲ್ ಬದಿ ನಿಮ್ಮ ಬಲಗೈ ಕಡೆ ಬಂದರೆ ಅದು ರೋಗಿಯ ಬಲಬದಿಯ ಹಲ್ಲು, ಎಡಗೈ ಕಡೆ ಬಂದರೆ ಎಡಬದಿಯದು. ನಿಮ್ಮ ಹಲ್ಲನ್ನು ಬೇರು ಮೇಲೆ ಮಾಡಿ ಹಿಡಿದರೆ ತಗ್ಗಿನ ಬದಿ ಎಡಗೈ ಕಡೆ ಬರುತ್ತದೆ. 24.

ಈಗ ನಿಮ್ಮ 45 ಎಲ್ಲಿಂದ ಬಂತು ನೋಡಿ. ಬೇರಿನ ತುದಿ ಬಾಗಿದ ಕಡೆ ಡಿಸ್ಟಲ್ ಎಂದು ತಗೊಂಡಿರಿ. ಫೋಟೋದಲ್ಲಿ ತುದಿ ನಿಜವಾಗಿಯೂ ಡಿಸ್ಟಲ್ ಕಡೆಗೇ ಬಾಗಿದೆ. ಆದರೆ ಕೆಳಗಿನ ಹಲ್ಲು ಎಂದುಕೊಂಡು ನೀವು ಬೇರನ್ನು ಕೆಳಗೆ ಮಾಡಿ ಹಿಡಿದಿರಿ. ಹಲ್ಲನ್ನು ಹಾಗೆ ತಲೆಕೆಳಗು ಮಾಡಿದ ಕೂಡಲೇ ಎಡಗೈ ಕಡೆ ಇದ್ದ ಮೀಸಿಯಲ್ ಬದಿ ಬಲಗೈ ಕಡೆಗೆ ಬಂತು. ದವಡೆ ತಪ್ಪಿದರೆ ಮೀಸಿಯಲ್ ಸರಿಯಾಗಿ ಗುರುತಿಸಿದ್ದರೂ ಬದಿ ತಪ್ಪಲೇಬೇಕು. ಬಕ್ಕಲ್ ಯಾವುದು, ಪ್ಯಾಲಟಲ್ ಯಾವುದು ಎಂಬಲ್ಲಿ ತಪ್ಪಿದರೂ ಹೀಗೆಯೇ ಬದಿ ಅದಲುಬದಲಾಗುತ್ತದೆ. ಆದ್ದರಿಂದ ಬದಿಯನ್ನು ಎಲ್ಲದಕ್ಕಿಂತ ಕೊನೆಗೆ ನೋಡಿ. ದವಡೆ, ಆಮೇಲೆ ಹಲ್ಲು, ಆಮೇಲೆ ಬಕ್ಕಲ್, ಆಮೇಲೆ ಮೀಸಿಯಲ್, ಬದಿ ಅದರ ನಂತರ.

ಬೇರಿನ ತುದಿ ಈ ಹಲ್ಲಿನಲ್ಲಿ ನಿಜ ಹೇಳಿತು ಎಂದು ಯಾವಾಗಲೂ ನಂಬಬೇಡಿ. ಹೆಚ್ಚಿನವು ಡಿಸ್ಟಲ್ ಕಡೆ ಬಾಗುತ್ತವೆ, ನೇರ ಇರುವವೂ ಬೇಕಾದಷ್ಟು, ಮೀಸಿಯಲ್ ಕಡೆ ತಿರುಗಿದವೂ ಸಿಗುತ್ತವೆ. ಬೇರೆಲ್ಲ ಗುರುತು ಅಳಿಸಿ ಹೋದಾಗ ಮಾತ್ರ ಅದರ ಹತ್ತಿರ ಹೋಗಿ.

ನಿಮ್ಮ ಹಾಗೆ 24 ನೋಡಿ 45 ಬರೆಯುವವರಿಗಿಂತ, ಮೇಲಿನ ಎರಡನೆಯದನ್ನೂ ಎರಡು ಕಸ್ಪಿನ ಕೆಳಗಿನ ಎರಡನೆಯದನ್ನೂ ಒಂದಕ್ಕೊಂದು ಬೆರೆಸುವವರು ಜಾಸ್ತಿ. ಮುಂದೆ ನಿಮಗೂ ಅದು ಎದುರಾಗುತ್ತದೆ. ಕೆಳಗಿನ ಎರಡನೆಯದಕ್ಕೆ ಮೂರು ಕಸ್ಪ್ ಇದ್ದರೆ ಕಷ್ಟ ಇಲ್ಲ. ಒಂದು ಬಕ್ಕಲ್, ಎರಡು ಲಿಂಗ್ವಲ್, ನಡುವೆ ವೈ ಆಕಾರದ ಗ್ರೂವ್. ಎರಡು ಲಿಂಗ್ವಲ್ ಕಸ್ಪ್‌ಗಳಲ್ಲಿ ದೊಡ್ಡದು ಮೀಸಿಯಲ್ ಕಡೆ ಇರುವುದರಿಂದ ಬದಿಯೂ ಸುಲಭವಾಗಿ ಸಿಗುತ್ತದೆ. ಆದರೆ ಮೂರು ಕಸ್ಪ್ ಇರಲೇಬೇಕು ಎಂದಿಲ್ಲ. ಎರಡೇ ಕಸ್ಪಿನವು ಸಾಕಷ್ಟು ಬರುತ್ತವೆ, ಅವುಗಳಲ್ಲಿ ನಡುವಿನ ಗ್ರೂವ್ ಯು ಅಥವಾ ಎಚ್ ಅಕ್ಷರದ ಹಾಗೆ ಕಾಣುತ್ತದೆ. ಅಂಥದ್ದು ಕೈಗೆ ಬಂದಾಗ ಮತ್ತೆ ಅಗಲಕ್ಕೂ ವಾಲಿಕೆಗೂ ಹೋಗಿ. ಗ್ರೂವಿನ ಆಕಾರ ಮಸುಕಾಗಿದ್ದರೂ ಇವೆರಡು ಸಿಗುತ್ತವೆ.

ಕೆಳಗಿನ ಮೊದಲನೆಯದರ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅದರ ಲಿಂಗ್ವಲ್ ಕಸ್ಪ್ ತೀರಾ ಚಿಕ್ಕದು, ಎದುರಿನ ಹಲ್ಲಿಗೆ ತಾಗುವುದೂ ಇಲ್ಲ. ಹಾಗಾಗಿ ಗುರುತಿಸಲು ಸುಲಭ, ಕೋರೆಹಲ್ಲಿನ ಹಾಗೇ ಕಾಣುತ್ತದೆ. ತಪ್ಪಾಗುವುದು ಬದಿಯಲ್ಲಿ. ಮೀಸಿಯಲ್ ಮಾರ್ಜಿನಲ್ ರಿಡ್ಜ್ ಡಿಸ್ಟಲ್‌ಗಿಂತ ಎತ್ತರದಲ್ಲಿರುತ್ತದೆ ಎಂಬ ನಿಯಮ ಕಲಿತಿರುತ್ತೀರಿ. ಈ ಹಲ್ಲಿನಲ್ಲಿ ಅದು ಉಲ್ಟಾ: ಮೀಸಿಯಲ್ ರಿಡ್ಜೇ ತಗ್ಗಿನಲ್ಲಿ, ಇಳಿಜಾರಾಗಿರುತ್ತದೆ. ಜೊತೆಗೆ ಮೀಸಿಯಲ್ ಕಡೆಯಲ್ಲಿ ಲಿಂಗ್ವಲ್ ಮೂಲೆಗೆ ಇಳಿಯುವ ಒಂದು ಗ್ರೂವ್ ಸಾಮಾನ್ಯವಾಗಿ ಸಿಗುತ್ತದೆ.

ಬದಿ ಹೇಳಲು ಎಲ್ಲಕ್ಕಿಂತ ಕಷ್ಟ ಮೇಲಿನ ಎರಡನೆಯದು. ಬಕ್ಕಲ್ ಕಸ್ಪಿನ ಗಿಡ್ಡ ಇಳಿಜಾರು ಮೀಸಿಯಲ್ ಕಡೆ, ಪ್ಯಾಲಟಲ್ ಕಸ್ಪಿನ ತುದಿ ತುಸು ಮೀಸಿಯಲ್ ಕಡೆ ಸರಿದಿರುತ್ತದೆ, ಬೇರಿನ ತಗ್ಗು ಸಾಮಾನ್ಯವಾಗಿ ಡಿಸ್ಟಲ್ ಬದಿಯಲ್ಲಿ ಹೆಚ್ಚು ಆಳ. ಒಂದೊಂದೂ ಸೂಕ್ಷ್ಮ, ಒಂದೊಂದೂ ಕೈಕೊಡಬಹುದು. ಮೂರರಲ್ಲಿ ಎರಡು ಒಂದೇ ಕಡೆ ತೋರಿಸಿದರೆ ಅದನ್ನೇ ಬರೆಯಿರಿ, ಮತ್ತು ಯಾವ ಎರಡು ಗುರುತು ಎಂದು ಕಾರಣದ ಜೊತೆ ಬರೆಯಿರಿ. ವೈವಾದಲ್ಲಿ ನಾನು ಕೂತಾಗ, ಬದಿ ತಪ್ಪಿದರೂ ಸರಿಯಾದ ಗುರುತು ತೋರಿಸಿದವರಿಗೂ, ಕಾರಣವಿಲ್ಲದೆ ಸರಿ ನಂಬರ್ ಹೇಳಿದವರಿಗೂ ಒಂದೇ ಅಂಕ ಕೊಡುವುದಿಲ್ಲ.

ಅಭ್ಯಾಸ ಯಾವುದರಲ್ಲಿ ಮಾಡುತ್ತೀರಿ ಎಂಬುದೂ ಮುಖ್ಯ. ಪ್ಲಾಸ್ಟಿಕ್ ಮಾದರಿಗಳಲ್ಲಿ ಎಲ್ಲ ಗುರುತೂ ಅಚ್ಚುಕಟ್ಟಾಗಿ ಇರುತ್ತವೆ, ಹೆಸರು ಕಲಿಯಲು ಒಳ್ಳೆಯದು. ಆದರೆ ಅಲ್ಲಿ ಮೇಲಿನ ಮೊದಲನೆಯದಕ್ಕೆ ಯಾವಾಗಲೂ ಎರಡೇ ಬೇರು. ನಿಮ್ಮ ಮನಸ್ಸಿನಲ್ಲಿ ಆ ನಿಯಮ ಗಟ್ಟಿಯಾಗಲು ಅದೂ ಕಾರಣವಿರಬಹುದು. ನಿಜವಾದ ಹಲ್ಲುಗಳಲ್ಲಿ ಎರಡು ಬಗೆ ಬರುತ್ತವೆ. ಕ್ಲಿಪ್ ಹಾಕುವ ಮೊದಲು ಜಾಗ ಮಾಡಲು ಕಿತ್ತವು ಹೆಚ್ಚಾಗಿ ಮೊದಲ ಪ್ರೀಮೋಲಾರ್‌ಗಳೇ, ಹದಿಹರೆಯದವರದ್ದು, ಕಸ್ಪ್ ಚೂಪಾಗಿ ಸವೆಯದೆ ಇರುತ್ತವೆ. ಡಬ್ಬಿಯಲ್ಲಿ ಇವೇ ತುಂಬಿದ್ದರೆ ಎರಡನೆಯದನ್ನು ನೋಡಿದ ಅಭ್ಯಾಸವೇ ಆಗುವುದಿಲ್ಲ.

ಇನ್ನೊಂದು ಬಗೆ ವಯಸ್ಸಾದವರ ಹಲ್ಲು. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕ್ಲಿನಿಕ್‌ಗಳಿಂದ ತಂದವಾದರೆ ಎಲೆಅಡಿಕೆ ಜಗಿದು ಸವೆದವು, ಕಂದು ಕಲೆ ಕಟ್ಟಿದವು ಖಂಡಿತ ಇರುತ್ತವೆ. ಅಲ್ಲಿ ಕಸ್ಪ್ ಎತ್ತರ ಮೋಸ ಮಾಡುತ್ತದೆ, ಅದೂ ಒಂದು ಕ್ರಮದಲ್ಲಿ. ಜಗಿಯುವಾಗ ಭಾರ ಹೊರುವುದು ಮೇಲಿನ ಹಲ್ಲಿನ ಪ್ಯಾಲಟಲ್ ಕಸ್ಪ್ ಮತ್ತು ಕೆಳಗಿನ ಹಲ್ಲಿನ ಬಕ್ಕಲ್ ಕಸ್ಪ್. ಮೊದಲು ಸವೆಯುವುದೂ ಅವೇ. ಆದ್ದರಿಂದ ಸವೆದ ಮೇಲಿನ ಎರಡನೆಯದರಲ್ಲಿ ಪ್ಯಾಲಟಲ್ ಕಸ್ಪ್ ಗಿಡ್ಡವಾಗಿ ಅದು ಮೊದಲನೆಯದರ ಹಾಗೆ ಕಾಣುತ್ತದೆ. ಸವೆದ ಕೆಳಗಿನ ಎರಡನೆಯದರಲ್ಲಿ ಬಕ್ಕಲ್ ಕಸ್ಪ್ ತಗ್ಗಿ ಎರಡೂ ಸಮವಾಗಿ, ಅದು ಮೇಲಿನ ಎರಡನೆಯದರ ಹಾಗೆ ಕಾಣುತ್ತದೆ. ಜಗಿಯುವ ಮುಖದಲ್ಲಿ ಹೊಳೆಯುವ ಚಪ್ಪಟೆ ಜಾಗ, ನಡುವೆ ಹಳದಿ ಡೆಂಟಿನ್ ಕಂಡರೆ ಕಸ್ಪನ್ನು ಲೆಕ್ಕದಿಂದ ಬಿಟ್ಟುಬಿಡಿ. ಅಗಲ, ವಾಲಿಕೆ, ಸರ್ವೈಕಲ್ ಲೈನ್ ದಾಟುವ ತಗ್ಗು ಇವು ಸವೆತಕ್ಕೆ ಸಿಗದ ಜಾಗದಲ್ಲಿರುವುದರಿಂದ ಉಳಿದಿರುತ್ತವೆ.

ಕ್ಲಿನಿಕ್‌ನಿಂದ ನೀವೇ ಹಲ್ಲು ತರುವುದಾದರೆ ಆಟೋಕ್ಲೇವ್ ಮಾಡಿಸದೆ ಬರಿಗೈಯಲ್ಲಿ ಮುಟ್ಟಬೇಡಿ. ಬೆಳ್ಳಿ ಬಣ್ಣದ ಅಮಾಲ್ಗಂ ಫಿಲ್ಲಿಂಗ್ ಇರುವವನ್ನು ಆಟೋಕ್ಲೇವ್‌ಗೆ ಹಾಕಬಾರದು, ಬಿಸಿಗೆ ಪಾದರಸದ ಆವಿ ಬರುತ್ತದೆ. ಅವನ್ನು ಲ್ಯಾಬಿನವರ ಹತ್ತಿರ ಕೊಟ್ಟು 10% ಫಾರ್ಮಲಿನ್‌ನಲ್ಲಿ ಎರಡು ವಾರ ಇಡಿಸಿ. ಆಮೇಲೆ ಎಲ್ಲವನ್ನೂ ನೀರಿನಲ್ಲೇ ಇಡಿ. ಒಣಗಿದರೆ ಕ್ರೌನಿನಲ್ಲಿ ಬಿರುಕು ಬಿಡುತ್ತದೆ, ಆ ಬಿರುಕನ್ನು ಗ್ರೂವ್ ಎಂದು ಓದಿ ತಪ್ಪು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಪ್ರೋಬ್ ಎಳೆದು ನೋಡಿ: ಗ್ರೂವ್ ಆದರೆ ಎರಡೂ ದಂಡೆ ಇಳಿಜಾರಾಗಿ ಪ್ರೋಬ್ ನಯವಾಗಿ ಜಾರುತ್ತದೆ, ಬಿರುಕಾದರೆ ದಂಡೆಯೇ ಇಲ್ಲದೆ ತುದಿ ಚಕ್ಕನೆ ಸಿಕ್ಕಿಕೊಳ್ಳುತ್ತದೆ.